ನೈಫ್ ಪ್ಲೀಟ್ ಸ್ಕರ್ಟ್: ಚಾಕ್, ದಾರ, ರಟ್ಟು – ಯಾವ ಗುರುತು ಮೇಲು?

ಒಂದೇ ದಿಕ್ಕಿಗೆ ಮಡಿಯುವ ನೆರಿಗೆಯ ಸ್ಕರ್ಟ್‌ಗಳನ್ನು ಬೇರೆ ಬೇರೆ ವಿಧಾನಗಳಲ್ಲಿ ಹೊಲಿದು ನೋಡಿದ್ದೇನೆ. ಇಸ್ತ್ರಿ, ಹೊಲಿಗೆ ಎರಡಕ್ಕಿಂತಲೂ ಹೆಚ್ಚು ವ್ಯತ್ಯಾಸ ಮಾಡುವುದು ಗುರುತು ಹಾಕುವ ರೀತಿ. ಅದಕ್ಕೂ ಮೊದಲು ಬಟ್ಟೆಯ ಲೆಕ್ಕ.

ಸೊಂಟ 70 ಸೆಂಟಿಮೀಟರ್, ಸಡಿಲಿಕೆಗೆ 2 ಸೇರಿಸಿದರೆ 72. ಹೊರಗೆ ಕಾಣುವ ನೆರಿಗೆ 3 ಸೆಂಟಿಮೀಟರ್ ಎಂದುಕೊಂಡರೆ 24 ನೆರಿಗೆಗಳು. ಪೂರ್ಣ ನೆರಿಗೆಯಲ್ಲಿ ಒಳಗೆ ಹೋಗುವ ಬಟ್ಟೆ ಕಾಣುವ ಭಾಗದ ಎರಡರಷ್ಟು ಇರಬೇಕು. ಅಂದರೆ ನೆರಿಗೆಯೊಂದಕ್ಕೆ 9, ಒಟ್ಟು 216. ಬಟ್ಟೆಯ ಅಗಲ 110 ಇದ್ದರೆ ಎರಡು ತುಂಡು ಸಾಕು ಎನಿಸುತ್ತದೆ, ಆದರೆ ಸಾಲುವುದಿಲ್ಲ. ಗಟ್ಟಿ ಅಂಚು ಕತ್ತರಿಸಿದ ಮೇಲೆ ಪ್ರತಿ ತುಂಡಿನಲ್ಲಿ ಸುಮಾರು 108 ಉಳಿಯುತ್ತದೆ, ಎರಡು ಜೋಡಣೆಗಳಿಗೆ ಒಟ್ಟು 6 ಹೋಗುತ್ತದೆ. ಕೈಗೆ ಸಿಗುವುದು 210 ಮಾತ್ರ.

ಮೂರನೆಯ ತುಂಡು ಕೊಳ್ಳುವ ಬದಲು ಒಳಭಾಗವನ್ನು 6ರಿಂದ 5.5ಕ್ಕೆ ಇಳಿಸುವುದು ನನಗೆ ಸರಿಯೆನಿಸುತ್ತದೆ. ಆಗ ನೆರಿಗೆಗೆ 8.5, ಒಟ್ಟು 204. ಒಳಭಾಗವನ್ನು 3ಕ್ಕೇ ಇಳಿಸಿ ಅರೆ ನೆರಿಗೆ ಮಾಡಿದರೆ 144 ಸಾಕು, ಆದರೆ ಈ ಅಗಲದಲ್ಲಿ ಅದಕ್ಕೂ ಎರಡು ತುಂಡು ಬೇಕೇ ಬೇಕು. ಉಳಿತಾಯವೇನೂ ಇಲ್ಲ, ನಡೆಯುವಾಗ ನೆರಿಗೆ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ. ಅರೆ ನೆರಿಗೆಯನ್ನು ನಾನು ಬಿಟ್ಟೇಬಿಟ್ಟೆ. ಉದ್ದದ ಲೆಕ್ಕ ಸುಲಭ: 60ರ ಸ್ಕರ್ಟ್‌ಗೆ ಕೆಳಮಡಿಕೆ 4, ಮೇಲಿನ ಹೊಲಿಗೆಗೆ 1.5 ಸೇರಿ 65.5, ಎರಡು ತುಂಡಿಗೆ 131. ಹತ್ತಿ ಬಟ್ಟೆ ಕುಗ್ಗುವುದರಿಂದ ಒಂದೂವರೆ ಮೀಟರ್ ತಂದು, ಮೊದಲು ತೊಳೆದು ಒಣಗಿಸಿ, ಆಮೇಲೆ ಕತ್ತರಿಸುವುದು ಒಳ್ಳೆಯದು. ಕೆಳಮಡಿಕೆಯನ್ನು ನೆರಿಗೆಗೆ ಮೊದಲೇ ಹೊಲಿದು ಮುಗಿಸಬೇಕು.

ಈಗ ಗುರುತು. ರಟ್ಟಿನ ವಿಧಾನ ಎಲ್ಲಕ್ಕಿಂತ ವೇಗ: 3 ಸೆಂಟಿಮೀಟರ್ ಅಗಲದ ಪಟ್ಟಿ ಇಟ್ಟು ಮಡಿಸುವುದು, ಇಸ್ತ್ರಿ ಒತ್ತುವುದು, ಪಟ್ಟಿಯನ್ನು ಮುಂದಕ್ಕೆ ಸರಿಸುವುದು. ಮಡಿಕೆಗಳು ನೋಡಲು ಚೂಪಾಗಿ ಬರುತ್ತವೆ. ತೊಂದರೆಯೆಂದರೆ ಪ್ರತಿ ನೆರಿಗೆಯೂ ಹಿಂದಿನದರ ತಪ್ಪನ್ನು ಹೊತ್ತುಕೊಂಡು ಬರುತ್ತದೆ. ಒಂದೊಂದರಲ್ಲಿ 1 ಮಿಲಿಮೀಟರ್ ಹೆಚ್ಚಾದರೂ 24ಕ್ಕೆ 2.4 ಸೆಂಟಿಮೀಟರ್ ಆಗಿ, ಸೊಂಟದ ಪಟ್ಟಿ ಕೂರುವುದಿಲ್ಲ.

ಚಾಕ್‌ನಲ್ಲಿ ಈ ತೊಂದರೆ ಇಲ್ಲ, ಅಳತೆ ಟೇಪನ್ನು ಸರಿಸದೆ ಒಂದೇ ತುದಿಯಿಂದ ಅಳೆದರೆ. ಜೋಡಣೆಯ ಗೆರೆಯಿಂದ 2.75, 11.25, 19.75 ಹೀಗೆ 8.5ರ ಅಂತರದಲ್ಲಿ ಮಡಿಕೆಯ ಗೆರೆ, 5.75, 14.25, 22.75 ಹೀಗೆ ಆ ಮಡಿಕೆ ಬಂದು ಕೂರುವ ಗೆರೆ. 11.25ರ ಮಡಿಕೆ 5.75ಕ್ಕೆ ಬಂದು ಕೂರುತ್ತದೆ. 2.75ರಿಂದ ಆರಂಭಿಸಲು ಕಾರಣವಿದೆ: ಹಾಗೆ ಮಾಡಿದಾಗ ಎರಡು ತುಂಡುಗಳ ಜೋಡಣೆ ಸರಿಯಾಗಿ ಒಳಮಡಿಕೆಯಲ್ಲೇ ಅಡಗುತ್ತದೆ. ಆದರೆ ಚಾಕ್ ಕೈ ತಾಗಿದರೆ ಅಳಿಸುತ್ತದೆ, ಕೆಲವು ಬಣ್ಣದ ಚಾಕ್ ಬಿಸಿ ತಾಗಿದರೆ ಕಲೆಯಾಗಿ ನಿಲ್ಲುತ್ತದೆ. ಎರಡು ಬಗೆಯ ಗೆರೆಗಳೂ ಒಂದೇ ಥರ ಕಾಣುವುದರಿಂದ ಮಡಿಸುವಾಗ ಗಲಿಬಿಲಿಯಾಗುತ್ತದೆ.

ದಾರದ ಗುರುತು ನಿಧಾನ, ಆದರೆ ನನ್ನ ಮತ ಅದಕ್ಕೇ. ಇದೇ ಅಳತೆಗಳಲ್ಲಿ ಮಡಿಕೆಗೆ ಒಂದು ಬಣ್ಣ, ಕೂರುವ ಗೆರೆಗೆ ಇನ್ನೊಂದು ಬಣ್ಣದ ದಾರದಿಂದ ಮೇಲಿನಿಂದ ಕೆಳಗಿನವರೆಗೆ ಉದ್ದುದ್ದ ಕಚ್ಚಾ ಹೊಲಿಗೆ. ಬಣ್ಣ ಬಣ್ಣ ಸೇರಿಸಿ ಮಡಿಸುತ್ತಾ ಹೋದರಾಯಿತು, ಗಲಿಬಿಲಿಗೆ ಎಡೆಯೇ ಇಲ್ಲ. ತೆಳು ದಾರವೇ ಬೇಕು. ದಪ್ಪ ದಾರದ ಮೇಲೆ ಇಸ್ತ್ರಿ ಒತ್ತಿದರೆ ಅದರ ಅಚ್ಚು ಬಟ್ಟೆಯ ಮೇಲೆ ಉಳಿಯುತ್ತದೆ.

ರಟ್ಟನ್ನು ನಾನು ಪೂರ್ತಿ ಕೈಬಿಟ್ಟಿಲ್ಲ. ಇಸ್ತ್ರಿ ಮಾಡುವಾಗ ಮಡಿಕೆಯ ಅಡಿಗೆ ತೆಳು ರಟ್ಟು ಇಟ್ಟರೆ ಕೆಳಪದರದ ಅಂಚು ಮೇಲೆ ಮೂಡುವುದಿಲ್ಲ. ಹತ್ತಿಗೆ ಒದ್ದೆ ಬಟ್ಟೆ ಹಾಸಿ, ಇಸ್ತ್ರಿಯನ್ನು ಉಜ್ಜದೆ ಎತ್ತಿ ಎತ್ತಿ ಒತ್ತಬೇಕು. ಒತ್ತಿದ ಜಾಗ ಆರುವವರೆಗೆ ಬಟ್ಟೆಯನ್ನು ಎತ್ತಬಾರದು; ಮಡಿಕೆ ಗಟ್ಟಿಯಾಗುವುದು ತಣಿಯುವಾಗಲೇ.

ಹೊಲಿಗೆಯಲ್ಲೂ ಎರಡು ದಾರಿ. ಸೊಂಟದಲ್ಲಿ ಮಾತ್ರ ಹೊಲಿದು ಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಪೃಷ್ಠದ ಅಳತೆ ದೊಡ್ಡದಿದ್ದಾಗ ನೆರಿಗೆಗಳು ಅಲ್ಲಿ ಬಾಯಿ ಬಿಡುತ್ತವೆ. ಪೃಷ್ಠದವರೆಗೆ ಹೊಲಿದಿಳಿಸಿದರೆ ಮೈಗೆ ಚೆನ್ನಾಗಿ ಕೂರುತ್ತದೆ. ಉದಾಹರಣೆಗೆ ಪೃಷ್ಠ 94, ಸಡಿಲಿಕೆ ಸೇರಿ 96 ಇದ್ದರೆ ಅಲ್ಲಿ ಪ್ರತಿ ನೆರಿಗೆ 4 ಸೆಂಟಿಮೀಟರ್ ಕಾಣಬೇಕು. ಒಟ್ಟು 8.5 ಬದಲಾಗುವುದಿಲ್ಲ, ಒಳಭಾಗ ಮಾತ್ರ 4.5 ಆಗುತ್ತದೆ. ಮಡಿಕೆಯ ಗೆರೆಯನ್ನು ನೇರ ಎಳೆಯ ಮೇಲೇ ಉಳಿಸಿ, ಕೂರುವ ಗೆರೆಯನ್ನು ಸೊಂಟದ 5.75ರಿಂದ ಪೃಷ್ಠದ 6.75ಕ್ಕೆ ಓರೆಯಾಗಿ ಇಳಿಸಿ, ಅಲ್ಲಿಂದ ಕೆಳಗೆ ನೇರ ಬಿಡಬೇಕು. ಮಡಿಕೆಯೇ ಓರೆಯಾದರೆ ಸ್ಕರ್ಟ್ ತಿರುಚಿಕೊಳ್ಳುತ್ತದೆ.

ಪಟ್ಟಿ ಜೋಡಿಸುವ ಮುನ್ನ ಸೊಂಟವನ್ನು ಒಮ್ಮೆ ಅಳೆಯಿರಿ. 72ರ ಬದಲು 73 ಬಂದರೆ ಹಿಂಭಾಗದ ಐದು ನೆರಿಗೆಗಳನ್ನು ತಲಾ 2 ಮಿಲಿಮೀಟರ್ ಹೆಚ್ಚು ಒಳಗೆ ಸರಿಸಿದರೆ ಸಾಕು. ಅಷ್ಟನ್ನೂ ಒಂದೇ ನೆರಿಗೆಯಲ್ಲಿ ತೆಗೆದರೆ ಅದೊಂದು ಕಿರಿದಾಗಿ ದೂರದಿಂದಲೇ ಕಾಣುತ್ತದೆ.