ಪಾರ್ಲರ್‌ನಿಂದ ಕಾಲೇಜಿಗೆ ಪತ್ರ ಬಂದರೆ ಕೊನೆಯ ಸಾಲು ಮೊದಲು ಓದಿ

ವಿರಾಜಪೇಟೆ ಕಡೆಯ ಪಿಯು ಕಾಲೇಜೊಂದರ ಪ್ರಾಂಶುಪಾಲರಿಗೆ ಬ್ಯೂಟಿ ಸ್ಟುಡಿಯೊದವರು ಬರೆದ ಪತ್ರ ಓದಲು ಚೊಕ್ಕವಾಗಿತ್ತು. 2 ಗಂಟೆಯ ಉಚಿತ ಗ್ರೂಮಿಂಗ್ ಕಾರ್ಯಾಗಾರ, ಚರ್ಮ ಮತ್ತು ಕೂದಲಿನ ಆರೈಕೆಯ ಬಗ್ಗೆ ಮಾತು, ಕೊನೆಯಲ್ಲಿ ‘ಆಸಕ್ತ ವಿದ್ಯಾರ್ಥಿನಿಯರಿಗೆ ಸ್ಥಳದಲ್ಲೇ ಪ್ರಾತ್ಯಕ್ಷಿಕೆ’. ಏನು ಹಚ್ಚುತ್ತಾರೆ, ಎಷ್ಟು ಜನರಿಗೆ ಎಂಬುದು ಅದರಲ್ಲಿರಲಿಲ್ಲ. ಪತ್ರ ಬುಧವಾರ ಬಂತು, ಕಾರ್ಯಕ್ರಮ ಗುರುವಾರ.

ಆ ದಿನಾಂಕ ನೋಡಿಯೇ ಬೇಡ ಎನ್ನಬಹುದಿತ್ತು. ಮುಖಕ್ಕೆ ಬ್ಲೀಚ್ ಹಾಕುವ ಮುನ್ನ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ತೊಳೆದು, 24ರಿಂದ 48 ಗಂಟೆ ಕಾಯಬೇಕು. ಅಲರ್ಜಿ ಎಷ್ಟೋ ಸಲ ತಡವಾಗಿ ಕಾಣಿಸಿಕೊಳ್ಳುವುದರಿಂದಲೇ ಇಷ್ಟು ಕಾಯುವುದು. ಒಂದೇ ದಿನ ಬಂದು ಹೋಗುವವರು ಈ ಪರೀಕ್ಷೆ ಮಾಡಲಾರರು.

ಅಂದು ಸಾಲಿನಲ್ಲಿ ನಿಂತ ಒಬ್ಬ ಹುಡುಗಿಗೆ ಮೊದಲು ಹುಬ್ಬಿಗೆ ಥ್ರೆಡಿಂಗ್ ಮಾಡಿ, ಅದೇ ಕುರ್ಚಿಯಲ್ಲಿ ಬ್ಲೀಚ್ ಹಚ್ಚಿದರು. ತಪ್ಪಾದದ್ದು ಇಲ್ಲೇ. ದಾರ ಕೂದಲನ್ನು ಬುಡಸಮೇತ ಕಿತ್ತಾಗ ಅಲ್ಲಿನ ಚರ್ಮ ಹಸಿಯಾಗಿರುತ್ತದೆ. ಬ್ಲೀಚ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಅದರ ಮೇಲೆ ಬಿದ್ದರೆ ಸುಡುತ್ತದೆ. ಥ್ರೆಡಿಂಗ್ ಆದ ದಿನ ಆ ಜಾಗಕ್ಕೆ ಬ್ಲೀಚ್ ಮುಟ್ಟಿಸಲೇಬಾರದು. ಸಾಲದ್ದಕ್ಕೆ ಬೇಗ ಮುಗಿಯಲೆಂದು, ಬ್ಲೀಚ್ ಕ್ರೀಮಿಗೆ ಬೆರೆಸುವ ಆಕ್ಟಿವೇಟರ್ ಪುಡಿಯನ್ನು ಕಣ್ಣಂದಾಜಿನಲ್ಲಿ ಸುರಿದಿದ್ದರು. ಪ್ಯಾಕಿನಲ್ಲಿ ಅದಕ್ಕೆ ಪುಟ್ಟ ಚಮಚವೇ ಇರುತ್ತದೆ. ಪುಡಿ ಹೆಚ್ಚಾದಷ್ಟೂ ಉರಿಯೂ ಹೆಚ್ಚು.

ಹುಡುಗಿ ಉರಿ ಎಂದಾಗ ‘ಸ್ವಲ್ಪ ಉರಿಯೋದು ಮಾಮೂಲಿ, ತಡ್ಕೊಳಮ್ಮ’ ಎಂಬ ಉತ್ತರ ಬಂತು. ನವಿರಾದ ಚುರುಗುಟ್ಟುವಿಕೆ ಮಾಮೂಲಿಯೇ, ಆದರೆ ಅದು ಒಂದೆರಡು ನಿಮಿಷದಲ್ಲಿ ತಗ್ಗಬೇಕು. ಏರುತ್ತಾ ಹೋದರೆ ಗಡಿಯಾರ ನೋಡದೆ ಒರೆಸಿ, ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಐಸ್ ಉಜ್ಜಬಾರದು, ಮೇಲೆ ಮತ್ತೊಂದು ಕ್ರೀಮ್ ಬಳಿಯಬಾರದು. ಬೊಬ್ಬೆ ಎದ್ದರೆ ಅಥವಾ ಕಣ್ಣಿಗೆ ತಾಗಿದರೆ ವೈದ್ಯರ ಬಳಿಗೇ ಹೋಗಬೇಕು. ಈ ಹುಡುಗಿಯ ಹುಬ್ಬಿನ ಮೇಲೆ ಮರುದಿನ ಕೆಂಪು ಪಟ್ಟಿ, ಆಮೇಲೆ ಕಪ್ಪು ಕಲೆ.

ಇನ್ನೊಂದು ಸಂಗತಿ ಟವೆಲ್. ಕೊಡಗಿನ ಮಳೆಗಾಲದಲ್ಲಿ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲವೆಂದು ಬಂದವರಿಗೆ ಗೊತ್ತಿಲ್ಲವೇ? ಹಸಿ ಟವೆಲ್ ಒಬ್ಬರಿಂದ ಒಬ್ಬರಿಗೆ ದಾಟಿದರೆ ಹುಳುಕಡ್ಡಿಯೂ ದಾಟುತ್ತದೆ.

‘ಫೀಡ್‌ಬ್ಯಾಕ್’ ಹೆಸರಿನ ಹಾಳೆಯಲ್ಲಿ ಹುಡುಗಿಯರ ಮೊಬೈಲ್ ಸಂಖ್ಯೆಯನ್ನೂ ಬರೆಸಿಕೊಂಡರು. ವಾರದೊಳಗೆ ಫೇಶಿಯಲ್ ಪ್ಯಾಕೇಜಿನ ಕರೆಗಳು ಶುರು. ಪಿಯು ಮಕ್ಕಳಲ್ಲಿ ಬಹುತೇಕರಿಗೆ 18 ತುಂಬಿರುವುದಿಲ್ಲ. ಮನೆಯವರನ್ನು ಕೇಳದೆ ಸಂಖ್ಯೆ ಕೊಡಿಸುವುದು ಕಾಲೇಜಿನ ಕೆಲಸವಲ್ಲ.

ಇಂಥ ಪತ್ರಕ್ಕೆ ಸಹಿ ಹಾಕುವ ಬದಲು ಹೀಗೆ ಉತ್ತರ ಬರೆಯಿರಿ: ‘ಮಾತು ಮತ್ತು ಪ್ರಶ್ನೋತ್ತರಕ್ಕೆ ಒಪ್ಪಿಗೆ ಇದೆ. ಪ್ರಾತ್ಯಕ್ಷಿಕೆ ನಿಮ್ಮ ಸಿಬ್ಬಂದಿಯ ಮೇಲೆ ಮಾತ್ರ. ವಿದ್ಯಾರ್ಥಿಗಳ ಮುಖಕ್ಕೆ, ಕೂದಲಿಗೆ ಏನೂ ಹಚ್ಚುವಂತಿಲ್ಲ. ಫೋನ್ ಸಂಖ್ಯೆ, ಫೋಟೊ, ಮಾರಾಟ ಇಲ್ಲ.’ ಕಲಿಸಲೆಂದೇ ಬರುವವರು ಇದಕ್ಕೆ ಒಪ್ಪುತ್ತಾರೆ. ಗಿರಾಕಿ ಹುಡುಕುತ್ತಿರುವವರಿಂದ ಮರುಪತ್ರ ಬರುವುದು ಅನುಮಾನ.