ವಿಮೆ ಕಂಪನಿ ಕೊಡುವ ‘ಸಬ್ರೊಗೇಷನ್ ಪತ್ರ’ಕ್ಕೆ ಸಹಿ ಹಾಕುವ ಮುಂಚೆ ಇದನ್ನು ಓದಿ: ನಮ್ಮ ಕೈತಪ್ಪಿದ 2,80,000 ರೂಪಾಯಿ

ಅಂಗಡಿ, ಗೋದಾಮು, ಕಾರ್ಖಾನೆಗೆ ವಿಮೆ ಮಾಡಿಸಿರುವವರೆಲ್ಲ ಇದನ್ನು ಓದಬೇಕು ಅಂತ ಬರೆಯುತ್ತಿದ್ದೇನೆ. ಬೇರೆಯವರ ತಪ್ಪಿನಿಂದ ನಿಮಗೆ ನಷ್ಟವಾಗಿ, ನಿಮ್ಮ ವಿಮೆ ಕಂಪನಿ ಕ್ಲೇಮು ಕೊಟ್ಟಿತು ಅಂದುಕೊಳ್ಳಿ. ಆಮೇಲೆ ಆ ಕಂಪನಿ ತಪ್ಪು ಮಾಡಿದವರ ವಿಮೆ ಕಂಪನಿಗೆ ಒಂದು ವಸೂಲಿ ಪತ್ರ ಬರೆಯುತ್ತದೆ. ‘ನಾವು ಇಷ್ಟು ಕೊಟ್ಟಿದ್ದೇವೆ, ತಪ್ಪು ನಿಮ್ಮ ಗ್ರಾಹಕನದು, ಆ ಹಣ ನಮಗೆ ತುಂಬಿಕೊಡಿ’ ಅನ್ನುವುದು ಅದರ ಸಾರ. ಹೀಗೆ ವಸೂಲಿ ಮಾಡಲು ನಿಮ್ಮ ಜಾಗದಲ್ಲಿ ಕಂಪನಿ ನಿಲ್ಲುವುದಕ್ಕೆ ಸಬ್ರೊಗೇಷನ್ ಅನ್ನುತ್ತಾರೆ, ಅದಕ್ಕಾಗಿ ನಿಮ್ಮಿಂದ ಮೊದಲೇ ಸಹಿ ಮಾಡಿಸಿಕೊಳ್ಳುವ ಕಾಗದವೇ ಸಬ್ರೊಗೇಷನ್ ಪತ್ರ. ಇದು ಕಂಪನಿ ಕಂಪನಿಗಳ ನಡುವಿನ ವ್ಯವಹಾರ, ನಮಗೇನು ಸಂಬಂಧ ಅನ್ನಿಸುತ್ತದೆ. ಸಂಬಂಧ ಬಹಳ ಇದೆ. ವಿಮೆಯಿಂದ ಸಿಗದೆ ಉಳಿದ ನಮ್ಮ ನಷ್ಟ ಆ ಪತ್ರದ ಜೊತೆಗೇ ಮುಳುಗಿಹೋಯಿತು.

ಶಿಡ್ಲಘಟ್ಟದಲ್ಲಿ ನಮ್ಮ ಅಣ್ಣ ರೇಷ್ಮೆ ರೀಲಿಂಗ್ ಘಟಕ ನಡೆಸುತ್ತಾರೆ, ಲೆಕ್ಕಪತ್ರ ನನ್ನದು. ಜಲ್ಲಿ ತುಂಬಿದ್ದ ಟಿಪ್ಪರ್ ಒಂದು ರಾತ್ರಿ ರಸ್ತೆ ಬಿಟ್ಟು ನುಗ್ಗಿ ಘಟಕದ ಗೋಡೆ ಒಡೆದುಕೊಂಡು ಬಾಯ್ಲರ್ ತನಕ ಬಂದು ನಿಂತಿತು. ಜನ ಯಾರೂ ಇರಲಿಲ್ಲ, ಅದೊಂದು ದೇವರ ದಯೆ. ಗೋಡೆ, ಚಾವಣಿಯ ಶೀಟು, ಬಾಯ್ಲರ್, ಅದರ ಪಕ್ಕದ ರೀಲಿಂಗ್ ಬೇಸಿನ್ನುಗಳು ಹಾಳಾದವು. ನಮ್ಮ ಬೆಂಕಿ ವಿಮೆಯಲ್ಲಿ ವಾಹನ ಡಿಕ್ಕಿಯಿಂದ ಆಗುವ ಹಾನಿಯೂ ಸೇರಿತ್ತು. ಹೆಸರು ಬೆಂಕಿ ವಿಮೆಯಾದರೂ ಈ ರಕ್ಷಣೆ ಸಾಮಾನ್ಯವಾಗಿ ಅದರಲ್ಲಿ ಇರುತ್ತದೆ, ನಿಮ್ಮದನ್ನೂ ತೆಗೆದು ನೋಡಿ.

ರಿಪೇರಿಗೆ ತಗುಲಿದ್ದು 5,80,000 ರೂಪಾಯಿ. ಸರ್ವೇಯರ್ ಬಂದು ನೋಡಿ, ಯಂತ್ರ ಮತ್ತು ಕಟ್ಟಡ ಹಳೆಯವು ಅಂತ ಸವಕಳಿಗೆ 1,30,000 ಕಳೆದರು. ಪಾಲಿಸಿಯ ಪ್ರಕಾರ ನಾವೇ ಹೊರಬೇಕಾದ ಎಕ್ಸೆಸ್ ಅಂತ ಇನ್ನೊಂದು 20,000 ಹೋಯಿತು. ಕೈಗೆ ಬಂದದ್ದು 4,30,000. ಇಲ್ಲಿಯ ತನಕ ನನಗೆ ಯಾವ ತಕರಾರೂ ಇಲ್ಲ, ಪಾಲಿಸಿಯಲ್ಲಿ ಇದ್ದದ್ದೇ ಅದು.

ಆದರೆ ನಷ್ಟ ಅಷ್ಟಕ್ಕೇ ಮುಗಿದಿರಲಿಲ್ಲ. ಮಾರುಕಟ್ಟೆಯಿಂದ ತಂದಿದ್ದ ಗೂಡು ಘಟಕದಲ್ಲೇ ಇತ್ತು. ಹಸಿ ಗೂಡಿಗೆ ಬೇಗ ಹಬೆ ಕೊಟ್ಟು ಒಳಗಿನ ಹುಳು ಸಾಯಿಸದಿದ್ದರೆ ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ಆಮೇಲೆ ಅದರಿಂದ ಎಳೆ ಬಿಚ್ಚಲು ಆಗದು. ಬಾಯ್ಲರ್ ಇಲ್ಲದೆ ಹಬೆ ಎಲ್ಲಿಂದ ತರೋದು? ಸ್ವಲ್ಪ ಗೂಡನ್ನು ಪಕ್ಕದ ಘಟಕದವರು ತೆಗೆದುಕೊಂಡು ಉಪಕಾರ ಮಾಡಿದರು. ಉಳಿದದ್ದು ಕೆಟ್ಟು 60,000 ನಷ್ಟ. ಕೆಲಸ ನಿಂತಿದ್ದಾಗ ಕೊಟ್ಟ ಕೂಲಿ, ನೂಲು ತೆಗೆಯದೆ ಹೋದ ಆದಾಯ ಸೇರಿ 70,000. ಬಾಯ್ಲರ್ ಕೆಟ್ಟದ್ದರಿಂದ ಆಮೇಲೆ ಆದ ಇಂಥ ನಷ್ಟವನ್ನು ಬೆಂಕಿ ವಿಮೆ ಕೊಡುವುದಿಲ್ಲ. ಸವಕಳಿ, ಎಕ್ಸೆಸ್, ಗೂಡು, ನಿಂತ ಕೆಲಸ ಎಲ್ಲ ಕೂಡಿದರೆ ವಿಮೆಯಿಂದ ಹೊರಗೆ ಉಳಿದದ್ದು 2,80,000.

ಇದನ್ನು ಕೇಳಬೇಕಾದದ್ದು ಟಿಪ್ಪರ್ ಮಾಲೀಕನನ್ನು ಮತ್ತು ಅವನ ವಿಮೆ ಕಂಪನಿಯನ್ನು. ಲಾರಿ, ಟಿಪ್ಪರ್‌ಗಳ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬೇರೆಯವರ ಆಸ್ತಿಗೆ ಆಗುವ ಹಾನಿಗೆ ಸಾಮಾನ್ಯವಾಗಿ 7,50,000 ರೂಪಾಯಿ ಮಿತಿ ಇರುತ್ತದೆ. ಪ್ರೀಮಿಯಂ ಉಳಿಸಲು ಕೆಲವರು ಅದನ್ನು 6,000ಕ್ಕೆ ಇಳಿಸಿಕೊಂಡಿರುತ್ತಾರೆ, ಹಾಗಾಗಿ ಆ ಪಾಲಿಸಿಯ ಪ್ರತಿಯನ್ನು ಮೊದಲು ನೋಡಬೇಕು. ನಮ್ಮ ಪುಣ್ಯಕ್ಕೆ ಈ ಟಿಪ್ಪರ್‌ಗೆ ಪೂರ್ತಿ ಮಿತಿ ಇತ್ತು. ವಿಮೆ ಕೊಟ್ಟ 4,30,000, ನಮ್ಮ 2,80,000 ಎರಡೂ ಸೇರಿದರೆ 7,10,000. ಪೂರಾ ಬೇಡಿಕೆ ಮಿತಿಯ ಒಳಗೇ ಇತ್ತು! ಇಂಥ ಬೇಡಿಕೆಗಳನ್ನು ಕೇಳುವ ಮೋಟಾರು ಅಪಘಾತ ಟ್ರಿಬ್ಯೂನಲ್ ಪ್ರತಿ ರೂಪಾಯಿಯನ್ನೂ ಒಪ್ಪುತ್ತಿತ್ತು ಅಂತ ನಾನು ಹೇಳುವುದಿಲ್ಲ, ಸವಕಳಿಯ ಬಗ್ಗೆ ಅಲ್ಲೂ ವಾದ ಆಗುತ್ತಿತ್ತು. ಆದರೆ ಕೇಳುವ ಹಕ್ಕಾದರೂ ಇರಬೇಕಿತ್ತಲ್ಲ.

ಆ ಹಕ್ಕು ಹೋದದ್ದು ಹೀಗೆ. ಕ್ಲೇಮು ಮಂಜೂರಾದಾಗ ಕಂಪನಿಯವರು ಹಣ ಪಡೆದ ರಸೀದಿಯ ಜೊತೆ ಛಾಪಾ ಕಾಗದದ ಮೇಲೆ ಮೊದಲೇ ಅಚ್ಚಾದ ಸಬ್ರೊಗೇಷನ್ ಪತ್ರ ತಂದರು. ‘ಇದೇನು ಸರ್?’ ಅಂತ ಅಣ್ಣ ಕೇಳಿದರು. ‘ಟಿಪ್ಪರ್ ಕಂಪನಿಯಿಂದ ನಾವು ವಸೂಲಿ ಮಾಡ್ಕೊಳ್ಳೋಕೆ ಬೇಕು, ಇದಕ್ಕೆ ಸಹಿ ಆಗ್ದೆ ಪೇಮೆಂಟ್ ರಿಲೀಸ್ ಆಗಲ್ಲ’ ಅಂದರು. ಆ ಮಾತು ಸುಳ್ಳಲ್ಲ, ವಸೂಲಿಗೆ ಪತ್ರ ಬೇಕು. ಆದರೆ ಅವರು ಹೇಳದೆ ಬಿಟ್ಟ ವಿಷಯವೊಂದಿತ್ತು. ನಮ್ಮ ಹೆಸರಿನಲ್ಲಿ ವಸೂಲಿ ಮಾಡುವ ಅಧಿಕಾರವನ್ನಷ್ಟೇ ಆ ಪತ್ರ ಕೊಡುತ್ತಿರಲಿಲ್ಲ. ಈ ಅಪಘಾತದಿಂದ ನಮಗೆ ಹುಟ್ಟಿದ ‘ಎಲ್ಲ ಹಕ್ಕುಗಳನ್ನೂ’ ಕಂಪನಿಗೆ ವರ್ಗಾಯಿಸಿದ್ದೇವೆ, ವಸೂಲಾಗುವ ‘ಪೂರ್ತಿ ಮೊತ್ತ’ ಕಂಪನಿಯದ್ದೇ ಅಂತಲೂ ಅದರಲ್ಲಿತ್ತು.

ಈ ಎರಡರ ನಡುವಿನ ಅಂತರವನ್ನು ಸುಪ್ರೀಂ ಕೋರ್ಟ್ 2010ರಲ್ಲೇ ಬಿಡಿಸಿ ಹೇಳಿದೆ. ಎಕನಾಮಿಕ್ ಟ್ರಾನ್ಸ್‌ಪೋರ್ಟ್ ಆರ್ಗನೈಸೇಷನ್ ಮತ್ತು ಚರಣ್ ಸ್ಪಿನ್ನಿಂಗ್ ಮಿಲ್ಸ್ ನಡುವಿನ ಪ್ರಕರಣದಲ್ಲಿ ಸಂವಿಧಾನ ಪೀಠ ಕೊಟ್ಟ ತೀರ್ಪು ಅದು. ಬರೀ ಸಬ್ರೊಗೇಷನ್ ಆದರೆ ನಷ್ಟ ಕೇಳುವ ಹಕ್ಕು ವಿಮೆ ಮಾಡಿಸಿದವರದ್ದೇ ಆಗಿ ಉಳಿಯುತ್ತದೆ, ಕಂಪನಿ ಅವರ ಹೆಸರಿನಲ್ಲಿ ಅಥವಾ ಅವರ ಜೊತೆ ಸೇರಿ ಕೇಳಬಹುದು. ಸಬ್ರೊಗೇಷನ್ ಜೊತೆ ಹಕ್ಕಿನ ವರ್ಗಾವಣೆಯನ್ನೂ ಬರೆದುಕೊಟ್ಟಿದ್ದರೆ ವಿಮೆ ಮಾಡಿಸಿದವರಿಗೆ ತಮ್ಮ ಲಾಭಕ್ಕಾಗಿ ದಾವೆ ಹೂಡುವ ಹಕ್ಕೇ ಇರುವುದಿಲ್ಲ. ಪತ್ರದಲ್ಲಿ ಹಾಗೆ ಬರೆದಿದ್ದರೆ, ಕಂಪನಿ ತಾನು ಕೊಟ್ಟದ್ದಕ್ಕಿಂತ ಹೆಚ್ಚು ವಸೂಲಿ ಮಾಡಿದರೂ ಆ ಹೆಚ್ಚಿನದ್ದು ಕಂಪನಿಗೇ ಸೇರುತ್ತದೆ.

ನಮ್ಮ ಕಂಪನಿ ಕಳಿಸಿದ ವಸೂಲಿ ಪತ್ರವನ್ನು ನಾನು ನೋಡಿದ್ದು ತುಂಬ ತಡವಾಗಿ. ಎಫ್‌ಐಆರ್, ಪೊಲೀಸರ ಮಹಜರು, ಸರ್ವೇ ವರದಿ, ಹಣ ಕೊಟ್ಟ ದಾಖಲೆ, ಸಹಿಯಾದ ಪತ್ರ ಎಲ್ಲ ಲಗತ್ತಿಸಿದ್ದರು, ಆ ಮಟ್ಟಿಗೆ ಚೊಕ್ಕವಾಗಿತ್ತು. ಕೇಳಿದ್ದು ಮಾತ್ರ 4,30,000. ಗೂಡಿನ ಬಗ್ಗೆ, ನಿಂತ ಕೆಲಸದ ಬಗ್ಗೆ, ಸವಕಳಿಯಲ್ಲಿ ಕಳೆದ ಹಣದ ಬಗ್ಗೆ ಒಂದಕ್ಷರ ಇರಲಿಲ್ಲ. ಟಿಪ್ಪರ್‌ನ ಕಂಪನಿ ಚೌಕಾಸಿ ಮಾಡಿ 3,40,000ಕ್ಕೆ ಒಪ್ಪಿಸಿತು. ಒಪ್ಪಂದದಲ್ಲಿ ‘ಈ ಅಪಘಾತದಿಂದ ವಿಮೆ ಕಂಪನಿಗೂ ಆಸ್ತಿಯ ಮಾಲೀಕರಿಗೂ ಇರುವ ಎಲ್ಲ ಬೇಡಿಕೆಗಳು ಪೂರ್ಣವಾಗಿ, ಅಂತಿಮವಾಗಿ ತೀರಿದವು’ ಅಂತ ಬರೆಸಿಕೊಂಡಿತು. ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಾವು 2,80,000ಕ್ಕೆ ಮೋಟಾರು ಅಪಘಾತ ಟ್ರಿಬ್ಯೂನಲ್ಲಿನಲ್ಲಿ ಅರ್ಜಿ ಹಾಕಿದಾಗ ಎದುರಿನವರು ಈ ಎರಡೂ ಕಾಗದ ಮುಂದಿಟ್ಟರು. ನಮ್ಮ ವಕೀಲರು ಓದಿ ನೋಡಿ, ‘ಇದರ ಮೇಲೆ ನಡೆಸೋದು ಕಷ್ಟ’ ಅಂದರು.

ಒಂದು ವಿಷಯದಲ್ಲಿ ಅಣ್ಣ ಗಟ್ಟಿಯಾಗಿ ನಿಂತಿದ್ದರು, ಅದನ್ನೂ ಹೇಳಬೇಕು. ಅಪಘಾತವಾದ ಮೇಲೆ ಟಿಪ್ಪರ್ ಮಾಲೀಕ ಮನೆಗೆ ಬಂದು, ‘ಅಣ್ಣಾ, 50,000 ಇಟ್ಕೊಳ್ಳಿ, ಸ್ಟೇಷನ್ನಲ್ಲಿ ರಾಜಿ ಆಯ್ತು ಅಂತ ಬರ್ಕೊಡಿ’ ಅಂದಿದ್ದ. ಅಣ್ಣ ಒಪ್ಪಲಿಲ್ಲ. ಒಪ್ಪಿದ್ದರೆ ನಮ್ಮ ಕಂಪನಿಯ ವಸೂಲಿ ಹಕ್ಕಿಗೇ ಪೆಟ್ಟು ಬೀಳುತ್ತಿತ್ತು, ಅದೇ ಕಾರಣ ಹಿಡಿದು ಅವರು ಕ್ಲೇಮನ್ನು ತಡೆಯಬಹುದಿತ್ತು. ಕಂಪನಿಯ ಹಕ್ಕನ್ನು ನಾವು ಕಾಪಾಡಿದೆವು, ನಮ್ಮ ಹಕ್ಕನ್ನು ಅವರು ಕಾಪಾಡಲಿಲ್ಲ ಅನ್ನುವುದೇ ನನ್ನ ಸಂಕಟ.

ನಿಮಗೆ ಇಂಥ ಪತ್ರ ಬಂದರೆ ಮೊದಲು ಹುಡುಕಬೇಕಾದದ್ದು ‘ಎಲ್ಲ ಹಕ್ಕುಗಳನ್ನೂ ವರ್ಗಾಯಿಸಿದ್ದೇನೆ’, ‘ಪೂರ್ತಿ ಮೊತ್ತ ಕಂಪನಿಗೆ’ ಅನ್ನುವ ಅರ್ಥದ ಸಾಲು. ಪತ್ರ ಇಂಗ್ಲಿಷಿನಲ್ಲಿದ್ದರೆ ಓದಿ ಹೇಳುವವರನ್ನು ಕರೆದು ಓದಿಸಿ. ಆ ಸಾಲು ಇದ್ದರೆ ತೆಗೆಯಲು ಕೇಳಿ, ಅದರ ಜಾಗದಲ್ಲಿ ಹೀಗೆ ಬರೆಸಿ: ‘ಕಂಪನಿ ನನಗೆ ಕೊಟ್ಟ ಮೊತ್ತದ ಮಟ್ಟಿಗೆ ಮಾತ್ರ ನನ್ನ ಹಕ್ಕಿನಲ್ಲಿ ಕಂಪನಿ ಪಾಲು ಪಡೆಯುತ್ತದೆ. ವಿಮೆಯಲ್ಲಿ ಸಿಗದ ನಷ್ಟವನ್ನು ಕೇಳುವ ಹಕ್ಕು ನನ್ನಲ್ಲೇ ಉಳಿದಿದೆ. ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಎದುರಿನವರ ಜೊತೆ ಅಂತಿಮ ಒಪ್ಪಂದ ಮಾಡಿಕೊಳ್ಳಬಾರದು.’ ಅವರು ಒಪ್ಪದಿದ್ದರೆ ನಿಮ್ಮ ಆಕ್ಷೇಪವನ್ನು ಇಮೇಲಿನಲ್ಲಿ ಹಾಕಿ, ಉತ್ತರ ಬಂದಮೇಲೆ ಮುಂದಿನ ಹೆಜ್ಜೆ ಇಡಿ.

ಜೊತೆಗೆ ನಿಮ್ಮ ವಿಮೆಗೆ ಸೇರದ ನಷ್ಟದ ಲೆಕ್ಕವನ್ನು ಬಿಲ್ಲುಗಳ ಸಮೇತ ಕಂಪನಿಗೆ ಕೊಟ್ಟು, ವಸೂಲಿ ಪತ್ರದಲ್ಲಿ ಅದನ್ನು ಬೇರೆ ಸಾಲಾಗಿ ಸೇರಿಸಲು ಹೇಳಿ. ನಮ್ಮ ಪ್ರಕರಣದಲ್ಲಿ ಮೊದಲ ಸಾಲು 4,30,000, ಎರಡನೆಯದು 2,80,000, ಒಟ್ಟು 7,10,000 ಅಂತ ಇರಬೇಕಿತ್ತು. ಗೂಡಿನಂಥ ಮಾಲಿಗೆ ಮಾರುಕಟ್ಟೆಯ ಖರೀದಿ ಚೀಟಿ, ಕೆಟ್ಟ ಮಾಲಿನ ಫೋಟೊ, ಕೂಲಿ ಪುಸ್ತಕ ಇಟ್ಟುಕೊಂಡಿರಿ. ವಾಹನದ ವಿಮೆ ವಿವರ ಯಾರೂ ಕೊಡುತ್ತಿಲ್ಲ ಅಂದರೆ ಮೋಟಾರು ವಾಹನ ಕಾಯ್ದೆಯ 160ನೇ ಸೆಕ್ಷನ್ ಪ್ರಕಾರ ಪೊಲೀಸ್ ಠಾಣೆಯಲ್ಲೋ ಆರ್‌ಟಿಒದಲ್ಲೋ ಲಿಖಿತವಾಗಿ ಕೇಳಬಹುದು.

ಕಂಪನಿಯ ವಸೂಲಿ ಮುಗಿಯಲಿ ಅಂತ ಕಾಯಬೇಡಿ. ಆ ಪತ್ರಗಳು ತಿಂಗಳುಗಟ್ಟಲೆ ಅತ್ತಿಂದಿತ್ತ ಓಡಾಡುತ್ತವೆ. ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳು ಅಂತ 166ನೇ ಸೆಕ್ಷನ್ನಿಗೆ ಸೇರಿಸಿದ ನಿಯಮ 2022ರ ಏಪ್ರಿಲ್‌ನಿಂದ ಜಾರಿಯಾಗಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೂ ಆರು ತಿಂಗಳೊಳಗೆ ಹಾಕುವುದೇ ಕ್ಷೇಮ.

ಈಗಾಗಲೇ ಸಹಿ ಹಾಕಿದ್ದೀರಿ, ಆದರೆ ಕಂಪನಿಗಳ ನಡುವೆ ಇನ್ನೂ ಒಪ್ಪಂದ ಆಗಿಲ್ಲ ಅಂದರೆ ಇವತ್ತೇ ಎರಡೂ ಕಂಪನಿಗಳಿಗೆ, ವಾಹನದ ಮಾಲೀಕನಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ. ವಿಮೆಗೆ ಸೇರದ ನಷ್ಟ ಇಷ್ಟು ಉಳಿದಿದೆ, ನಮ್ಮನ್ನು ಬಿಟ್ಟು ಅಂತಿಮ ಒಪ್ಪಂದ ಮಾಡಬೇಡಿ ಅಂತ ಬರೆಯಿರಿ. ಸಹಿ ಮಾಡಿದ ಪತ್ರದಲ್ಲಿ ವರ್ಗಾವಣೆಯ ಸಾಲು ಇದ್ದರೆ ಇದೊಂದೇ ನಿಮ್ಮನ್ನು ಉಳಿಸದು, ವಕೀಲರಿಗೆ ಆ ಪತ್ರವನ್ನೇ ತೋರಿಸಬೇಕು. ಆ ಸಾಲು ಇಲ್ಲದಿದ್ದರೆ, ನಿಮ್ಮ ಬೇಡಿಕೆ ಗೊತ್ತಿದ್ದೂ ಅವರು ಇತ್ಯರ್ಥ ಮಾಡಿಕೊಂಡರು ಅನ್ನುವುದಕ್ಕೆ ಆ ಪೋಸ್ಟಿನ ರಸೀದಿ ಸಾಕ್ಷಿಯಾಗುತ್ತದೆ.

ನಾವು ಈಗ ನಮ್ಮ ಕಂಪನಿಯ ದೂರು ವಿಭಾಗಕ್ಕೆ ಬರೆದಿದ್ದೇವೆ. ನಮಗೆ ತಿಳಿಸದೆ ನಮ್ಮ ನಷ್ಟವನ್ನೂ ಸೇರಿಸಿ ಯಾಕೆ ಮುಗಿಸಿದಿರಿ ಅನ್ನುವುದೊಂದೇ ಪ್ರಶ್ನೆ. ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇವೆ. ಅಲ್ಲಿ ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಕಂಪನಿ ತಿರಸ್ಕರಿಸಿದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು ಅಷ್ಟೇ.