ಪಿಯುಕೆ ಕೇಳಿದಾಗ ಊಹೆ ಮಾಡಬೇಡಿ: ಅಮ್ಮನ ಸಿಮ್ ಹೋಗಿದ್ದು ಹೀಗೆ

ನಿಮ್ಮ ಫೋನ್ ಈಗ ಪಿಯುಕೆ ಕೋಡ್ ಕೇಳುತ್ತಿದ್ದರೆ ದಯವಿಟ್ಟು ಒಂದು ಅಂಕಿಯನ್ನೂ ಒತ್ತಬೇಡಿ. ಫೋನನ್ನು ಪಕ್ಕಕ್ಕಿಟ್ಟು ಇದನ್ನು ಓದಿ. ನಮ್ಮ ಅಮ್ಮನ ಸಿಮ್ ಒಂದೇ ಬೆಳಗ್ಗೆ ಪೂರ್ತಿ ಹಾಳಾಯಿತು. ಯಾರೂ ಕೆಟ್ಟದ್ದು ಮಾಡಬೇಕೆಂದು ಮಾಡಿದ್ದಲ್ಲ. ಎಲ್ಲರೂ ಸಹಾಯ ಮಾಡಲು ಹೋದವರೇ.

ಅಮ್ಮ ಇರುವುದು ಸಾಗರದ ಹತ್ತಿರದ ಹಳ್ಳಿಯಲ್ಲಿ. ಮಳೆಗಾಲ, ಎರಡು ದಿನ ಕರೆಂಟ್ ಇರಲಿಲ್ಲ. ಚಾರ್ಜ್ ಖಾಲಿಯಾಗಿ ಫೋನ್ ಆಫ್ ಆಗಿತ್ತು. ಶನಿವಾರ ಬೆಳಗ್ಗೆ ಕರೆಂಟ್ ಬಂದ ಮೇಲೆ ಅಮ್ಮ ಫೋನ್ ಆನ್ ಮಾಡಿದರು. ಪರದೆ ಮೇಲೆ `Enter SIM PIN` ಎಂದು ಬಂತು. ಅದನ್ನು ಅವರು ಈ ಮೊದಲು ನೋಡಿಯೇ ಇರಲಿಲ್ಲ.

ಆ ಪಿನ್ ಹಾಕಿದ್ದು ನಾನು. ಹಿಂದಿನ ದೀಪಾವಳಿಗೆ ಹೊಸ ಫೋನ್ ಕೊಟ್ಟಾಗ ಸೆಟ್ಟಿಂಗ್ಸ್‌ಗೆ ಹೋಗಿ ಸಿಮ್ ಲಾಕ್ ಆನ್ ಮಾಡಿದ್ದೆ. ಫೋನ್ ಕಳುವಾದರೆ ಕಳ್ಳ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ಬ್ಯಾಂಕಿನ ಓಟಿಪಿ ತರಿಸಿಕೊಳ್ಳಬಾರದು ಎನ್ನುವುದು ನನ್ನ ಯೋಚನೆ. ಯೋಚನೆ ಸರಿಯೇ ಇತ್ತು. ಆದರೆ ಆ ನಾಲ್ಕು ಅಂಕಿಯನ್ನು ನಾನು ಎಲ್ಲೂ ಬರೆದು ಕೊಡಲಿಲ್ಲ. ಸಿಮ್ ಪಿನ್ ಬೇಕಾಗುವುದು ಫೋನ್ ಆಫ್ ಆಗಿ ಆನ್ ಆದಾಗ ಅಥವಾ ಸಿಮ್ ತೆಗೆದು ಹಾಕಿದಾಗ ಮಾತ್ರ. ಎಂಟು ತಿಂಗಳು ಆ ಫೋನ್ ಆಫ್ ಆಗಿರಲೇ ಇಲ್ಲ. ಹಾಗಾಗಿ ಹೀಗೊಂದು ಲಾಕ್ ಇದೆ ಎನ್ನುವುದೇ ಮನೆಯಲ್ಲಿ ಎಲ್ಲರಿಗೂ ಮರೆತುಹೋಗಿತ್ತು.

ಅಮ್ಮನಿಗೆ ಪಿನ್ ಅಂದರೆ ಮೂರು ಗೊತ್ತು. ಫೋನ್ ತೆರೆಯುವ ಪಿನ್, ಯುಪಿಐ ಪಿನ್, ಎಟಿಎಂ ಪಿನ್. ಮೊದಲು ಫೋನಿನದ್ದು ಹಾಕಿದರು. ತಪ್ಪು ಎಂದಿತು. ಆರಂಕಿಯ ಯುಪಿಐ ಪಿನ್ ಹಾಕಿದರು. ಸಿಮ್ ಪಿನ್ ನಾಲ್ಕರಿಂದ ಎಂಟು ಅಂಕಿವರೆಗೂ ಇರಬಹುದು, ಅದಕ್ಕೇ ಆರಂಕಿಯನ್ನೂ ಫೋನ್ ತೆಗೆದುಕೊಂಡಿತು. ಅದೂ ತಪ್ಪು. ಮೂರನೆಯದಾಗಿ ಎಟಿಎಂ ಪಿನ್. ಅಲ್ಲಿಗೆ ಸಿಮ್ ಲಾಕ್ ಆಗಿ, ಪಿಯುಕೆ ಕೊಡಿ ಎಂದು ಕೇಳತೊಡಗಿತು.

ಇಲ್ಲಿವರೆಗೂ ಏನೂ ಕೆಟ್ಟಿರಲಿಲ್ಲ. ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗುವುದು ಸಹಜ, ಅದನ್ನು ಬಿಡಿಸಲೆಂದೇ ಪಿಯುಕೆ ಇದೆ. ಅಂಗಡಿಗಳಲ್ಲಿ ಪಕ್ ಕೋಡ್ ಅಂತಲೂ ಹೇಳುತ್ತಾರೆ. ಇದು ಎಂಟು ಅಂಕಿಯ ಸಂಖ್ಯೆ. ಪಿನ್‌ನಂತೆ ನಾವು ಇಟ್ಟುಕೊಳ್ಳುವುದಲ್ಲ, ಬದಲಾಯಿಸಲೂ ಆಗುವುದಿಲ್ಲ. ಸಿಮ್ ತಯಾರಾಗುವಾಗಲೇ ಅದರ ಚಿಪ್‌ನೊಳಗೆ ಬರೆದಿರುತ್ತಾರೆ, ಇನ್ನೊಂದು ಪ್ರತಿ ಕಂಪನಿಯ ದಾಖಲೆಯಲ್ಲಿ ಇರುತ್ತದೆ. ಒಂದೊಂದು ಸಿಮ್‌ಗೂ ಒಂದೊಂದು ಬೇರೆ ಪಿಯುಕೆ. ಜನ್ಮದಿನ, ಮೊಬೈಲ್ ನಂಬರ್, ಆಧಾರ್ ಯಾವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಂದಮೇಲೆ ಊಹಿಸಿ ಹೊಂದಿಸುವುದು ಆಗದ ಕೆಲಸ. ಹಾಕಲು ಇರುವ ಅವಕಾಶ ಹತ್ತೇ ಸಲ. ಹತ್ತೂ ತಪ್ಪಿದರೆ ಚಿಪ್ ತನ್ನನ್ನು ತಾನೇ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಕಂಪನಿಯವರಿಗೂ ಅದನ್ನು ತೆರೆಯಲು ಆಗುವುದಿಲ್ಲ.

ಅಮ್ಮ ನನಗೆ ಆಗಲೇ ಪಕ್ಕದ ಮನೆಯಿಂದ ಫೋನ್ ಮಾಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಸುಮ್ನೆ ನನಗೇಕೆ ತೊಂದರೆ ಎಂದು ಚಿಕ್ಕಪ್ಪನ ಮಗನ ಕೈಯಲ್ಲಿ ಫೋನ್ ಕೊಟ್ಟು ಪೇಟೆಯ ಮೊಬೈಲ್ ಅಂಗಡಿಗೆ ಕಳಿಸಿದರು. ಅಂಗಡಿಯಲ್ಲಿದ್ದ ಹುಡುಗ ಒಂದರಿಂದ ಎಂಟರವರೆಗೆ ಸಾಲಾಗಿ ಒತ್ತಿದ. ಆಮೇಲೆ ಎಂಟು ಸೊನ್ನೆ. ಆಮೇಲೆ ಅಮ್ಮನ ಮೊಬೈಲ್ ನಂಬರಿನ ಎಂಟು ಅಂಕಿ. ಇನ್ನೆಷ್ಟು ಸಲ ಉಳಿದಿದೆ ಎಂದು ಪ್ರತಿ ಸಲವೂ ಪರದೆ ಮೇಲೆ ಬರುತ್ತಲೇ ಇತ್ತು. ನಾಲ್ಕು ಉಳಿದಾಗ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದ, ಲೆಕ್ಕ ಮತ್ತೆ ಹತ್ತರಿಂದ ಶುರುವಾಗುತ್ತದೆ ಎಂದುಕೊಂಡು.

ಹಾಗೆ ಆಗುವುದಿಲ್ಲ. ಇದನ್ನು ದಯವಿಟ್ಟು ನೆನಪಿಡಿ. ಎಷ್ಟು ಸಲ ತಪ್ಪಾಯಿತು ಎನ್ನುವ ಲೆಕ್ಕ ಇರುವುದು ಸಿಮ್‌ನ ಚಿಪ್‌ನಲ್ಲಿ, ಫೋನಿನಲ್ಲಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದರೂ ಅಷ್ಟೇ, ಬೇರೆ ಫೋನಿಗೆ ಹಾಕಿದರೂ ಅಷ್ಟೇ, ಒಂದು ವಾರ ಬಿಟ್ಟು ಹಾಕಿದರೂ ಅಷ್ಟೇ. ಫೋನ್ ಫಾರ್ಮ್ಯಾಟ್ ಮಾಡಿದರೆ ನಿಮ್ಮ ಫೋಟೊಗಳು ಹೋಗುತ್ತವೆ, ಸಿಮ್ ಲಾಕ್ ಹಾಗೇ ಇರುತ್ತದೆ. ಸರಿಯಾದ ಕೋಡ್ ಒಂದೇ ಆ ಲೆಕ್ಕವನ್ನು ಮೊದಲಿನಂತೆ ಮಾಡುವುದು.

ನನಗೆ ಫೋನ್ ಬಂದಾಗ ಹನ್ನೊಂದೂವರೆ. "ಅಣ್ಣಾ, ದೊಡ್ಡಮ್ಮನ ಸಿಮ್ಮೇ ತೋರಿಸುತ್ತಿಲ್ಲ" ಎಂದ ತಮ್ಮ. ಹತ್ತೂ ಅವಕಾಶ ಮುಗಿದಿತ್ತು. ನನ್ನದೂ ಅದೇ ಕಂಪನಿಯ ನಂಬರ್, ಕೂಡಲೇ ಗ್ರಾಹಕ ಸೇವೆಗೆ ಕರೆ ಮಾಡಿದೆ. ಆ ಕಡೆ ಮಾತಾಡಿದ ಹೆಣ್ಣುಮಗಳು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಸರ್, ಪಿಯುಕೆ ಇಲ್ಲೇ ನನ್ನ ಮುಂದೆ ಕಾಣ್ತಿದೆ. ಆದರೆ ಈಗ ಕೊಟ್ಟು ಪ್ರಯೋಜನ ಇಲ್ಲ."

ಪಿಯುಕೆ ಸಿಗುವುದು ಅಷ್ಟು ಸುಲಭ. ಸಿಮ್ ಕೊಂಡಾಗ ಎಟಿಎಂ ಕಾರ್ಡ್ ಗಾತ್ರದ ಪ್ಲಾಸ್ಟಿಕ್ ಕಾರ್ಡಿನಿಂದ ಸಿಮ್ ಮುರಿದು ತೆಗೆಯುತ್ತಾರಲ್ಲ, ಕೆಲವು ಸಲ ಅದರ ಮೇಲೆ ಅಥವಾ ಜೊತೆಗೆ ಬಂದ ಲಕೋಟೆಯ ಮೇಲೆ ಪಿಯುಕೆ ಅಚ್ಚಾಗಿರುತ್ತದೆ. ಮಧ್ಯದಲ್ಲಿ ಸಿಮ್ ಬದಲಾಯಿಸಿದ್ದರೆ ಹಳೇ ಕಾರ್ಡಿನ ಪಿಯುಕೆ ಕೆಲಸಕ್ಕೆ ಬರುವುದಿಲ್ಲ. ನಂಬರ್ ಅದೇ ಇದ್ದರೂ ಸಿಮ್ ಬೇರೆ, ಪಿಯುಕೆ ಬೇರೆ. ಹಳೇ ಕಾರ್ಡ್ ನೋಡಿ ನಂಬಿಕೊಂಡು ಹಾಕಿ ಅವಕಾಶ ಕಳೆದುಕೊಳ್ಳಬೇಡಿ. ಸಿಮ್ ಮೇಲೆ ಸಣ್ಣದಾಗಿ ಅಚ್ಚಾಗಿರುವ ಉದ್ದನೆಯ ಸಂಖ್ಯೆಯೂ ಕಾರ್ಡಿನ ಮೇಲಿನ ಸಂಖ್ಯೆಯೂ ಒಂದೇ ಇದ್ದರೆ ಮಾತ್ರ ಅದು ಇದೇ ಸಿಮ್ಮಿನ ಕಾರ್ಡ್.

ಕಾರ್ಡ್ ಇಲ್ಲದಿದ್ದರೆ ಅದೇ ಕಂಪನಿಯ ಇನ್ನೊಂದು ನಂಬರಿನಿಂದ ಗ್ರಾಹಕ ಸೇವೆಗೆ ಕರೆ ಮಾಡಿ. ನಮ್ಮ ದೇಶದಲ್ಲಿ ದೂರು ಕೊಡಲು 198 ಎಲ್ಲ ಕಂಪನಿಗೂ ಇದೆ. ಮನುಷ್ಯರ ಜೊತೆ ಮಾತಾಡುವ ಆಯ್ಕೆ ಬರುವವರೆಗೂ ಕಾಯಿರಿ. ಲಾಕ್ ಆದ ನಂಬರ್, ಅದು ಯಾರ ಹೆಸರಿನಲ್ಲಿದೆ, ಹುಟ್ಟಿದ ದಿನಾಂಕ, ವಿಳಾಸ, ಕೆಲವೊಮ್ಮೆ ಕೊನೆಯ ರೀಚಾರ್ಜ್ ಎಷ್ಟು ಎಂದು ಕೇಳುತ್ತಾರೆ. ಎಲ್ಲ ಹೊಂದಿದರೆ ಎಂಟಂಕಿ ಹೇಳುತ್ತಾರೆ. ಕಂಪನಿಯ ಆ್ಯಪ್‌ನಲ್ಲೂ ಸಿಗಬಹುದು, ಆದರೆ ಮೊದಲೇ ಲಾಗಿನ್ ಆಗಿದ್ದರೆ ಮಾತ್ರ ಸುಲಭ. ಹೊಸದಾಗಿ ಲಾಗಿನ್ ಆಗಲು ಹೋದರೆ ಓಟಿಪಿ ಹೋಗುವುದು ಅದೇ ಲಾಕ್ ಆದ ಸಿಮ್‌ಗೆ. ಇದ್ಯಾವುದೂ ಆಗದಿದ್ದರೆ ಯಾರ ಹೆಸರಿನಲ್ಲಿ ಸಿಮ್ ಇದೆಯೋ ಅವರೇ ಗುರುತಿನ ಚೀಟಿ ಹಿಡಿದು ಕಂಪನಿಯ ಅಂಗಡಿಗೆ ಹೋಗಬೇಕು.

ಇಂಟರ್ನೆಟ್‌ನಲ್ಲಿ ಹುಡುಕಿದಾಗ ಮೊದಲು ಸಿಕ್ಕ ಯಾವುದೋ ಹತ್ತಂಕಿ ನಂಬರಿಗೆ ಮಾತ್ರ ಕರೆ ಮಾಡಬೇಡಿ. ಗ್ರಾಹಕ ಸೇವೆಯ ಹೆಸರಿನಲ್ಲಿ ಮೋಸಗಾರರು ತಮ್ಮ ನಂಬರ್ ಹಾಕಿರುತ್ತಾರೆ. ಪಿಯುಕೆ ಕೊಡಲು ಹಣ ಬೇಕು ಎಂದರೆ, ಯಾವುದೋ ಆ್ಯಪ್ ಹಾಕಿಕೊಳ್ಳಿ ಎಂದರೆ, ಬ್ಯಾಂಕಿನ ವಿಷಯ ಕೇಳಿದರೆ, ಅಲ್ಲೇ ಫೋನ್ ಇಡಿ.

ಕೋಡ್ ಸಿಕ್ಕ ಮೇಲೆ ಕಾಗದದ ಮೇಲೆ ಬರೆದುಕೊಂಡು, ಹೇಳಿದವರಿಗೆ ಒಮ್ಮೆ ತಿರುಗಿ ಓದಿ ಹೇಳಿ. ಪರದೆ ಕೇಳುವ ಜಾಗದಲ್ಲಿ ಪಿಯುಕೆ ಹಾಕಿದರೆ ಹೊಸ ಪಿನ್ ಕೇಳುತ್ತದೆ, ಅದನ್ನು ಎರಡು ಸಲ ಹಾಕಬೇಕು. ಹಳೇ ಪಿನ್ ನೆನಪಿಲ್ಲದಿದ್ದರೂ ಚಿಂತೆಯಿಲ್ಲ. ಪರದೆ ಮೇಲೆ ಜಾಗ ಕಾಣದಿದ್ದರೆ ತುರ್ತು ಕರೆಯ ಡಯಲರ್ ತೆರೆದು ಹೀಗೆ ಒತ್ತಬಹುದು:

```
**05*PUK*PIN*PIN#
```

`PUK` ಇರುವಲ್ಲಿ ನಿಮ್ಮ ಎಂಟಂಕಿ, ಎರಡೂ `PIN` ಜಾಗದಲ್ಲಿ ನೀವೇ ಇಡುವ ಹೊಸ ಪಿನ್. ಸಿಮ್ ತೆರೆದುಕೊಂಡರೆ ಪಿನ್‌ಗೆ ಮತ್ತೆ ಮೂರು ಅವಕಾಶ ಸಿಗುತ್ತದೆ.

ನಮಗೆ ಈ ದಾರಿ ಮುಚ್ಚಿಹೋಗಿತ್ತು. ಉಳಿದದ್ದು ಅದೇ ನಂಬರಿಗೆ ಹೊಸ ಸಿಮ್. ಸಿಮ್ ನನ್ನ ಹೆಸರಿನಲ್ಲಿದ್ದುದರಿಂದ ಅಮ್ಮ ಸಾಗರದಲ್ಲಿ ಹೋಗಿ ಕೇಳಿದರೆ ಕೊಡುವ ಹಾಗಿರಲಿಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಆಧಾರ್ ತೋರಿಸಿ, ಫೋಟೊ ತೆಗೆಸಿಕೊಂಡು, ಭಾನುವಾರ ಹೊಸ ಸಿಮ್ ತೆಗೆದುಕೊಂಡೆ. ರಾತ್ರಿ ಬಸ್ಸಿಗೆ ಹೊರಟು ಸೋಮವಾರ ಬೆಳಗ್ಗೆ ಊರು ಮುಟ್ಟಿದೆ.

ಸಿಮ್ ಬದಲಾಯಿಸಿದ ಮೇಲೆ 24 ಗಂಟೆ ಮೆಸೇಜ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಬೇರೆಯವರ ಸಿಮ್ ಕದ್ದು ಓಟಿಪಿ ತೆಗೆಯುವವರನ್ನು ತಡೆಯಲು ಸರ್ಕಾರ ಮಾಡಿರುವ ನಿಯಮ ಅದು, ಒಳ್ಳೆಯದೇ. ಆದರೆ ಶನಿವಾರ ಬೆಳಗ್ಗೆಯಿಂದಲೇ ಅಮ್ಮನಿಗೆ ಬ್ಯಾಂಕಿನ ಓಟಿಪಿ ಇಲ್ಲ. ಭಾನುವಾರ ಬಂದ ಗ್ಯಾಸ್ ಸಿಲಿಂಡರಿಗೆ ಕೋಡ್ ಹೇಳಲು ಆಗದೆ ಗಾಡಿ ವಾಪಸ್ ಹೋಗಿತ್ತು. ಯುಪಿಐ ಮತ್ತೆ ಶುರು ಮಾಡಲು ಆ ಫೋನಿನಿಂದ ಒಂದು ಮೆಸೇಜ್ ಹೋಗಬೇಕು, ಅದೂ ಸೋಮವಾರ ಸಂಜೆವರೆಗೆ ಆಗಲಿಲ್ಲ. ನಿಮ್ಮಲ್ಲಿ ಯಾರಾದರೂ ಸಿಮ್ ಬದಲಾಯಿಸಬೇಕಾದರೆ ಮುಂದಿನ ದಿನ ಯಾವುದೇ ಓಟಿಪಿ ಕೆಲಸ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಒಂದಿಷ್ಟು ನಗದು ಇರಲಿ.

ನಾನು ಸಿಮ್ ಲಾಕ್ ಬೇಡ ಎನ್ನುವುದಿಲ್ಲ. ಹೊಸ ಸಿಮ್‌ಗೂ ಹಾಕಿದ್ದೇನೆ. ಈ ಸಲ ಪಿನ್ ಮತ್ತು ಪಿಯುಕೆ ಎರಡನ್ನೂ ಅಮ್ಮನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದೆ. ಸಿಮ್ ಪಿನ್ ಎಂದು ದೊಡ್ಡದಾಗಿ ಕನ್ನಡದಲ್ಲೇ ಬರೆದು, ಕೆಳಗೆ ನನ್ನ ನಂಬರನ್ನೂ ಹಾಕಿದೆ. ಅದನ್ನು ಫೋನಿನ ಕವರಿನೊಳಗೆ ಇಡಬೇಡಿ ಎಂದೂ ಹೇಳಿದೆ. ಆಮೇಲೆ ಅಮ್ಮನ ಕೈಯಲ್ಲೇ ಫೋನ್ ಆಫ್ ಮಾಡಿಸಿ, ಆನ್ ಮಾಡಿಸಿ, ಪುಸ್ತಕ ನೋಡಿ ಪಿನ್ ಹಾಕಿಸಿದೆ. ಎರಡನೇ ಸಲ ನಾನು ಏನೂ ಹೇಳಬೇಕಾಗಲಿಲ್ಲ.

ಹಳೇ ಸಿಮ್‌ನಲ್ಲಿ ಅಮ್ಮ ಬಟನ್ ಫೋನ್ ಇಟ್ಟುಕೊಂಡಿದ್ದ ಕಾಲದಿಂದ ಸೇವ್ ಮಾಡಿದ ನಂಬರುಗಳಿದ್ದವು. ಅವು ಆ ಚಿಪ್‌ನಲ್ಲೇ ಹೋದವು. ಊರಿನವರದ್ದೆಲ್ಲ ಕೇಳಿ ಬರೆದುಕೊಂಡಿದ್ದಾರೆ. ಧಾರವಾಡದಲ್ಲಿರುವ ಅವರ ಹಳೇ ಗೆಳತಿಯ ನಂಬರ್ ಇನ್ನೂ ಸಿಕ್ಕಿಲ್ಲ. ಅವರೇ ಫೋನ್ ಮಾಡಲಿ ಎಂದು ಕಾಯುತ್ತಿದ್ದಾರೆ.